ಬಿಲ್ಲಿನಲ್ಲಿ ಬಂದ ಎರಡು ಹೊಸ ಸಾಲುಗಳು

ಕಳೆದ ಅಕ್ಟೋಬರಿನಲ್ಲಿ ಹಾಸನದಿಂದ ಬಂದಿದ್ದ ಅಪ್ಪ ಅಮ್ಮನನ್ನು ಕರೆದುಕೊಂಡು ನಾವು ನ್ಯೂಜೆರ್ಸಿಯಿಂದ ಫ್ಲೋರಿಡಾದ ಓರ್ಲ್ಯಾಂಡೊಗೆ ಹೋಗಿದ್ದೆವು. ಹೋಟೆಲಿನ ಸ್ವಂತ ಜಾಲತಾಣದಲ್ಲಿಯೇ ನಾಲ್ಕು ರಾತ್ರಿಗೆ ಕೋಣೆ ಕಾದಿರಿಸಿದ್ದೆ. ರಾತ್ರಿಗೆ 129 ಡಾಲರಿನಂತೆ ಬಾಡಿಗೆ 516, ಅದರ ಮೇಲೆ ಅಲ್ಲಿನ ರಾಜ್ಯ ಮತ್ತು ಕೌಂಟಿ ತೆರಿಗೆಗಳು ಸೇರಿ ಶೇಕಡಾ 12.5ರಂತೆ 64.50, ಒಟ್ಟು 580.50 ಡಾಲರ್ ಎಂದು ದೃಢೀಕರಣದ ಇಮೇಲ್ ಹೇಳಿತ್ತು. ಕೋಣೆ ಬಿಡುವ ದಿನದ ಮುಂಜಾನೆ ಬಾಗಿಲ ಸಂದಿಯಿಂದ ಒಳಗೆ ತೂರಿಸಿದ್ದ ಕಾಗದದಲ್ಲಿ ಮೊತ್ತ 809.55 ಆಗಿತ್ತು.

ಅದನ್ನು ಮೊದಲು ಎತ್ತಿಕೊಂಡು ನೋಡಿದ್ದು ಅಪ್ಪ. ಅವರು ವಿದ್ಯುತ್ ಮಂಡಳಿಯ ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತು ವರ್ಷ ಕಳೆದವರು. ಕನ್ನಡಕ ಏರಿಸಿಕೊಂಡು ಸಾಲು ಸಾಲಾಗಿ ಓದಿ, "ಇವೆರಡು ಹೆಡ್ಡು ಮೊದಲು ಇರಲಿಲ್ಲವಲ್ಲ" ಎಂದರು. ಒಂದು, ದಿನಕ್ಕೆ 38 ಡಾಲರಿನ ರೆಸಾರ್ಟ್ ಶುಲ್ಕ, ನಾಲ್ಕು ದಿನಕ್ಕೆ 152, ಅದರ ಮೇಲೆ ತೆರಿಗೆ 19. ಇನ್ನೊಂದು, ಬಾಡಿಗೆಯ ಶೇಕಡಾ ಹತ್ತರಷ್ಟು ಕಡ್ಡಾಯ ಸೇವಾ ಶುಲ್ಕ 51.60, ಅದರ ಮೇಲೆ ತೆರಿಗೆ 6.45. ಎರಡೂ ಸೇರಿ 229.05 ಡಾಲರ್ ಹೆಚ್ಚಾಗಿತ್ತು. ಶುಲ್ಕ ಕಡ್ಡಾಯವಾದಾಗ ಅದೂ ಬಾಡಿಗೆಯ ಭಾಗವೆಂದೇ ಲೆಕ್ಕವಾಗುವುದರಿಂದ ಕೋಣೆಯ ತೆರಿಗೆ ಅದರ ಮೇಲೆಯೂ ಬೀಳುತ್ತದೆ. ಈ ಚಿಕ್ಕ ಸಂಗತಿ ಕೊನೆಯಲ್ಲಿ ನನಗೆ ಇನ್ನೊಂದು ಪತ್ರದ ಕೆಲಸ ಹಚ್ಚಿತು.

ರೆಸಾರ್ಟ್ ಶುಲ್ಕವೆಂದರೆ ಈಜುಕೊಳ, ವ್ಯಾಯಾಮ ಕೊಠಡಿ, ವೈಫೈ, ದಿನಕ್ಕೆ ಎರಡು ನೀರಿನ ಬಾಟಲಿ, ಸ್ಥಳೀಯ ದೂರವಾಣಿ ಕರೆ ಇವುಗಳಿಗೆಲ್ಲ ಒಟ್ಟಾಗಿ ಹಾಕುವ ದಿನಗಟ್ಟಲೆಯ ಹಣ. ಬಳಸಿದರೂ ಕೊಡಬೇಕು, ಬಳಸದಿದ್ದರೂ ಕೊಡಬೇಕು. (ಓರ್ಲ್ಯಾಂಡೊದಲ್ಲಿ ಸ್ಥಳೀಯ ಕರೆ ಮಾಡಲು ಅಮ್ಮನಿಗೆ ಯಾರಿದ್ದರು ಎಂಬುದು ಬೇರೆ ಮಾತು.) ಬಾಡಿಗೆಯನ್ನೇ 167 ಎಂದು ಬರೆಯದೆ ಹೀಗೆ ಒಡೆದು ಹಾಕುವುದಕ್ಕೆ ಕಾರಣ ಸರಳವಾಗಿದೆ. ಹೋಟೆಲುಗಳನ್ನು ಕಡಿಮೆ ದರದಿಂದ ಹೆಚ್ಚಿನ ದರಕ್ಕೆ ಜೋಡಿಸಿ ತೋರಿಸುವ ಪಟ್ಟಿಗಳಲ್ಲಿ 129 ಎಂದು ಬರೆದವನು 150 ಎಂದು ನಿಜ ಹೇಳಿದವನಿಗಿಂತ ಮೇಲೆ ಕಾಣಿಸುತ್ತಾನೆ; ಜೊತೆಗೆ ಕಾದಿರಿಸಿಕೊಡುವ ಮಧ್ಯವರ್ತಿಗೆ ಕೊಡುವ ಕಮಿಷನ್ನು ಸಾಮಾನ್ಯವಾಗಿ ಬಾಡಿಗೆಯ ಮೇಲೆ ಲೆಕ್ಕವಾಗುತ್ತಿತ್ತೇ ಹೊರತು ಈ ಶುಲ್ಕದ ಮೇಲಲ್ಲ.

ಸೇವಾ ಶುಲ್ಕವನ್ನು ನೋಡಿ ಅಪ್ಪ, "ಇದು ಟಿಪ್ಸೇ? ನಿನ್ನೆ ಸಾಮಾನು ತಂದ ಹುಡುಗನಿಗೆ ನಾನೇ ಐದು ಡಾಲರ್ ಕೊಟ್ಟೆನಲ್ಲ" ಎಂದು ಕೇಳಿದರು. ಅದು ಟಿಪ್ಸ್ ಅಲ್ಲ. ಅಮೆರಿಕದ ತೆರಿಗೆ ಇಲಾಖೆಯ 2012ರ ನಿರ್ಣಯದ ಪ್ರಕಾರ, ಕೊಡಬೇಕೋ ಬೇಡವೋ, ಎಷ್ಟು, ಯಾರಿಗೆ ಎಂಬುದನ್ನು ಗ್ರಾಹಕನೇ ನಿರ್ಧರಿಸಿದರೆ ಮಾತ್ರ ಅದು ಟಿಪ್ಸ್. ಮಾಲೀಕನು ನಿಗದಿ ಮಾಡಿ ಬಿಲ್ಲಿಗೆ ಸೇರಿಸಿದ್ದು ಹೋಟೆಲಿನ ಆದಾಯವೇ ಆಗುತ್ತದೆ. ಭಾರತದಲ್ಲಿ ಹೋಟೆಲು, ರೆಸ್ಟೋರೆಂಟುಗಳು ಸೇವಾ ಶುಲ್ಕವನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈಯಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟು 2025ರ ಮಾರ್ಚಿನಲ್ಲಿ ಎತ್ತಿಹಿಡಿದಿದ್ದನ್ನು ಅಪ್ಪ ಪತ್ರಿಕೆಯಲ್ಲಿ ಓದಿದ್ದರು. ಇಲ್ಲಿಯೂ ಅದೇ ನಿಯಮವಿದೆ ಎಂದು ಅವರು ಭಾವಿಸಿದ್ದರು.

ಇಲ್ಲಿನ ನಿಯಮ ಬೇರೆ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಆಯೋಗವಾದ ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮವೊಂದು 2025ರ ಮೇ 12ರಿಂದ ಜಾರಿಯಲ್ಲಿದ್ದು, ಅದು ಹೋಟೆಲಿನಂಥ ಅಲ್ಪಾವಧಿ ವಸತಿಗೂ ಕ್ರೀಡೆ, ಸಂಗೀತ ಮುಂತಾದ ಕಾರ್ಯಕ್ರಮಗಳ ಟಿಕೆಟಿಗೂ ಅನ್ವಯವಾಗುತ್ತದೆ. ಶುಲ್ಕ ಹಾಕಬಾರದೆಂದಾಗಲಿ ಇಷ್ಟನ್ನು ಮೀರಬಾರದೆಂದಾಗಲಿ ಅದು ಹೇಳುವುದಿಲ್ಲ. ದರವನ್ನು ತೋರಿಸುವುದಾದರೆ, ಸರ್ಕಾರದ ತೆರಿಗೆಯಂಥವನ್ನು ಬಿಟ್ಟು, ಎಲ್ಲ ಕಡ್ಡಾಯ ಶುಲ್ಕಗಳನ್ನೂ ಒಳಗೊಂಡ ಒಟ್ಟು ಬೆಲೆಯನ್ನೇ ಎದ್ದು ಕಾಣುವಂತೆ ತೋರಿಸಬೇಕೆಂದು ಮಾತ್ರ ಹೇಳುತ್ತದೆ. ಅಂದರೆ ನನ್ನ ಆಕ್ಷೇಪಣೆ "ಶುಲ್ಕ ಅನ್ಯಾಯ" ಎಂದಾಗುವಂತಿರಲಿಲ್ಲ. "ತೋರಿಸಿದ ಒಟ್ಟು ಮೊತ್ತದಲ್ಲಿ ಇದು ಇರಲಿಲ್ಲ" ಎಂದೇ ಆಗಬೇಕಿತ್ತು. ಅಲ್ಲದೆ ಈ ನಿಯಮವನ್ನು ಹಿಡಿದುಕೊಂಡು ಗ್ರಾಹಕನೇ ನೇರವಾಗಿ ಮೊಕದ್ದಮೆ ಹೂಡುವಂತಿಲ್ಲ, ಕ್ರಮ ಕೈಗೊಳ್ಳುವುದು ಆಯೋಗದ ಕೆಲಸ. ಆದರೆ ಪತ್ರದಲ್ಲಿ ಅದನ್ನು ಉಲ್ಲೇಖಿಸಲು ಯಾವ ಅಡ್ಡಿಯೂ ಇಲ್ಲ.

ಕೌಂಟರಿನಲ್ಲಿದ್ದ ಹುಡುಗಿ ಬಹಳ ವಿನಯದಿಂದಲೇ, ಇದು ತನ್ನ ಕೈಯಲ್ಲಿಲ್ಲವೆಂದೂ ವ್ಯವಸ್ಥೆ ತಾನಾಗಿ ಸೇರಿಸುತ್ತದೆಂದೂ ಹೇಳಿದಳು. ಕೋಣೆ ಹಿಡಿಯುವಾಗಲೇ ಅವರು ಕಾರ್ಡಿನ ಮೇಲೆ ಮೊತ್ತವನ್ನು ಕಾದಿರಿಸಿಕೊಂಡಿರುತ್ತಾರಾದ್ದರಿಂದ ಹಣ ಕೊಡುವುದಿಲ್ಲವೆಂದು ಅಲ್ಲಿ ನಿಂತು ವಾದಿಸುವುದರಲ್ಲಿ ಅರ್ಥವಿರಲಿಲ್ಲ. ವಿಮಾನಕ್ಕೂ ಹೊತ್ತಾಗುತ್ತಿತ್ತು. "ಬಾಯಲ್ಲಿ ಹೇಳಿದ್ದಕ್ಕೆ ಇನ್‌ವರ್ಡ್ ನಂಬರ್ ಬೀಳುವುದಿಲ್ಲ, ಬರೆದು ಕೊಡು" ಎಂದರು ಅಪ್ಪ. ನಾನು ಮೂರು ಕೆಲಸ ಮಾಡಿದೆ: ದಿನವಾರು ವಿವರವಿರುವ ಪೂರ್ತಿ ಬಿಲ್ಲನ್ನು, ಇಲ್ಲಿಯವರು ಫೋಲಿಯೊ ಎನ್ನುವುದನ್ನು, ಮುದ್ರಿಸಿ ಪಡೆದೆ, ಅದರ ಮೇಲೆ "ಈ ಎರಡು ಬಾಬ್ತುಗಳನ್ನು ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ" ಎಂದು ಬರೆದು ದಿನಾಂಕ ಹಾಕಿ ಅವಳೆದುರೇ ಚಿತ್ರ ತೆಗೆದುಕೊಂಡೆ, ಮೊದಲ ರಾತ್ರಿ ನಾನು ಸಹಿ ಮಾಡಿದ್ದ ನೋಂದಣಿ ಚೀಟಿಯ ಪ್ರತಿಯನ್ನು ಕೇಳಿದೆ.

ಆ ಚೀಟಿಯನ್ನು ನೋಡಿದಾಗ ಎದೆ ಸ್ವಲ್ಪ ಕುಸಿಯಿತು. ರಾತ್ರಿ ಹನ್ನೊಂದರ ಹೊತ್ತಿಗೆ, ನಿದ್ದೆಗಣ್ಣಿನ ಅಮ್ಮನನ್ನು ಸೋಫಾದ ಮೇಲೆ ಕೂರಿಸಿ, ಅವರು ಬೆರಳು ತೋರಿಸಿದಲ್ಲೆಲ್ಲ ನಾನು ಕಿರುಸಹಿ ಹಾಕಿದ್ದೆ. ಅದರಲ್ಲಿ ಒಂದು ಕಿರುಸಹಿ "ದಿನಕ್ಕೆ 38 ಡಾಲರ್ ರೆಸಾರ್ಟ್ ಶುಲ್ಕಕ್ಕೆ ಒಪ್ಪಿದ್ದೇನೆ" ಎಂಬ ಸಾಲಿನ ಪಕ್ಕದಲ್ಲಿತ್ತು. ಮನೆಗೆ ಬಂದು ದೃಢೀಕರಣದ ಇಮೇಲನ್ನು ಕೊನೆಯವರೆಗೆ ಓದಿದಾಗ, ಸಣ್ಣಕ್ಷರದ ಷರತ್ತುಗಳ ನಡುವೆಯೂ ಆ ಶುಲ್ಕದ ಮಾತಿತ್ತು, ಒಟ್ಟು ಮೊತ್ತದಲ್ಲಿ ಮಾತ್ರ ಇರಲಿಲ್ಲ. ಸೇವಾ ಶುಲ್ಕವಾದರೋ ಇಮೇಲಿನಲ್ಲಾಗಲಿ ಚೀಟಿಯಲ್ಲಾಗಲಿ ಎಲ್ಲಿಯೂ ಇರಲಿಲ್ಲ. ಆಗ ನನಗೆ ತಿಳಿದದ್ದು, ಇವು ಒಂದೇ ದೂರಲ್ಲ, ಬಲದಲ್ಲಿ ಬೇರೆ ಬೇರೆಯಾದ ಎರಡು ದೂರುಗಳು ಎಂಬುದು. ಎರಡನ್ನೂ ಒಂದೇ ವಾಕ್ಯದಲ್ಲಿ ಹೆಣೆದರೆ ದುರ್ಬಲವಾದದ್ದು ಬಲವಾದದ್ದನ್ನೂ ಕೆಳಗೆಳೆಯುತ್ತದೆ.

ಹೋಟೆಲಿನ ಜನರಲ್ ಮ್ಯಾನೇಜರಿಗೆ ಒಂದು ಪುಟದ ಪತ್ರ ಬರೆದೆ. ಇಮೇಲಿನಲ್ಲೂ ಕಳಿಸಿ, ತಲುಪಿದ್ದಕ್ಕೆ ಸಹಿ ಬರುವಂತೆ ಅಂಚೆಯಲ್ಲೂ ಹಾಕಿದೆ. ಅದರ ಮುಖ್ಯ ಭಾಗದ ತಾತ್ಪರ್ಯ ಹೀಗಿತ್ತು: "ನೀವು ದೃಢೀಕರಿಸಿದ ಒಟ್ಟು ಮೊತ್ತ 580.50, ವಸೂಲು ಮಾಡಿದ್ದು 809.55. ಮೊದಲನೆಯ ಆಕ್ಷೇಪಣೆ, ಸೇವಾ ಶುಲ್ಕ 51.60 ಮತ್ತು ಅದರ ತೆರಿಗೆ 6.45: ನಾನು ಸಹಿ ಮಾಡಿದ ಯಾವ ದಾಖಲೆಯಲ್ಲೂ ಇದಿಲ್ಲ, ಇದ್ದರೆ ಆ ದಾಖಲೆಯ ಪ್ರತಿಯನ್ನು ಕಳಿಸಿ. ಎರಡನೆಯ ಆಕ್ಷೇಪಣೆ, ರೆಸಾರ್ಟ್ ಶುಲ್ಕ 152 ಮತ್ತು ಅದರ ತೆರಿಗೆ 19: ಇದು ಕಡ್ಡಾಯವಾಗಿದ್ದೂ ನೀವು ತೋರಿಸಿದ ಒಟ್ಟು ಬೆಲೆಯಲ್ಲಿ ಸೇರಿರಲಿಲ್ಲ. ಹದಿನಾಲ್ಕು ದಿನಗಳೊಳಗೆ ಅದೇ ಕಾರ್ಡಿಗೆ ಹಿಂದಿರುಗಿಸಬೇಕೆಂದು ಕೋರುತ್ತೇನೆ." ಎರಡನೆಯ ದಿನ ಈಜುಕೊಳ ಮುಚ್ಚಿತ್ತೆಂಬುದನ್ನು ಬರೆಯಲು ಕೈ ತುರಿಸುತ್ತಿತ್ತಾದರೂ ಬರೆಯಲಿಲ್ಲ. ಅದನ್ನು ಬರೆದೊಡನೆ ದೂರು ಮೊತ್ತದ ತಪ್ಪಿನಿಂದ ಸೇವೆಯ ಗುಣಮಟ್ಟಕ್ಕೆ ಜಾರುತ್ತದೆ, ಗುಣಮಟ್ಟದ ದೂರಿಗೆ ಉತ್ತರವಾಗಿ ಉಚಿತ ತಿಂಡಿಯ ಕೂಪನ್ ಬರುತ್ತದೆ.

ಒಂಬತ್ತನೆಯ ದಿನ ಉತ್ತರ ಬಂತು. ಸೇವಾ ಶುಲ್ಕವು "ಕಣ್ತಪ್ಪಿನಿಂದ" ಸೇರಿತ್ತೆಂದು 58.05 ಡಾಲರನ್ನು ಹಿಂದಿರುಗಿಸಿದರು. ರೆಸಾರ್ಟ್ ಶುಲ್ಕಕ್ಕೆ ನನ್ನ ಕಿರುಸಹಿಯ ಪ್ರತಿಯನ್ನು ಲಗತ್ತಿಸಿ, ಬದಲಿಗೆ ಮುಂದಿನ ಭೇಟಿಯಲ್ಲಿ ಬಳಸಬಹುದಾದ 75 ಡಾಲರಿನ ರಿಯಾಯಿತಿ ಕೊಡುವುದಾಗಿ ಬರೆದಿದ್ದರು. ಅದನ್ನು ಒಪ್ಪಿಕೊಂಡರೆ ವಿಷಯ ಮುಗಿದಂತೆ ಎಂಬ ಸಾಲು ಕೊನೆಯಲ್ಲಿತ್ತು. ನಾನು ಬೇಡವೆಂದು ಬರೆದೆ.

ಮುಂದಿನದು ಕಾರ್ಡ್ ಕೊಟ್ಟ ಬ್ಯಾಂಕು. ಕ್ರೆಡಿಟ್ ಕಾರ್ಡಿನ ಬಿಲ್ಲಿನಲ್ಲಿ ತಪ್ಪಿದ್ದರೆ, ಆ ತಪ್ಪಿರುವ ಮೊದಲ ಸ್ಟೇಟ್‌ಮೆಂಟ್ ಕಳಿಸಿದ 60 ದಿನಗಳೊಳಗೆ ಲಿಖಿತ ದೂರು ಬ್ಯಾಂಕಿಗೆ ತಲುಪಬೇಕೆಂದು ಇಲ್ಲಿನ ಕಾನೂನು ಹೇಳುತ್ತದೆ. ಹಣ ಕಟ್ಟುವ ವಿಳಾಸಕ್ಕೆ ಹಾಕಿದರೆ ಸಾಲದು, ಬಿಲ್ಲಿನ ವಿಚಾರಣೆಗೆಂದೇ ಸ್ಟೇಟ್‌ಮೆಂಟಿನ ಮೇಲೆ ಬೇರೊಂದು ವಿಳಾಸವಿರುತ್ತದೆ. ದೂರು ಮುಟ್ಟಿದ್ದಕ್ಕೆ 30 ದಿನಗಳೊಳಗೆ ಬ್ಯಾಂಕು ಉತ್ತರಿಸಬೇಕು, ಎರಡು ಬಿಲ್ಲಿಂಗ್ ಅವಧಿಗಳೊಳಗೆ, ಏನೇ ಆದರೂ 90 ದಿನ ಮೀರದಂತೆ, ತೀರ್ಮಾನ ಹೇಳಬೇಕು; ಅಲ್ಲಿಯವರೆಗೆ ವಿವಾದದ 171 ಡಾಲರನ್ನು ತಡೆಹಿಡಿದು ಉಳಿದದ್ದನ್ನು ಕಟ್ಟಿದರಾಯಿತು. ಫೋನಿನಲ್ಲಿ ಹೇಳಿದರೂ ಬ್ಯಾಂಕಿನವರು ದೂರು ದಾಖಲಿಸಿಕೊಳ್ಳುತ್ತಾರೆ, ಆದರೆ ಕಾನೂನಿನ ಈ ರಕ್ಷಣೆ ಪತ್ರಕ್ಕೆ ಅಂಟಿಕೊಂಡದ್ದು.

ನಾನು ಅಲ್ಲಿ ಸೋತೆ. ಹೋಟೆಲು ಅದೇ ಕಿರುಸಹಿಯ ಚೀಟಿಯನ್ನು ಬ್ಯಾಂಕಿಗೂ ಕಳಿಸಿತ್ತು. ಉಚಿತವಾಗಿ ರದ್ದು ಮಾಡುವ ಗಡುವು ಮೂರು ದಿನ ಮೊದಲೇ ಮುಗಿದಿತ್ತು, ಹಾಗಾಗಿ ಸಹಿ ಹಾಕುವ ಹೊತ್ತಿಗೆ ಬಿಟ್ಟುಹೋಗುವ ದಾರಿಯೇ ನನಗಿರಲಿಲ್ಲ ಎಂದು ನಾನು ಬರೆದ ಪ್ರತ್ಯುತ್ತರವನ್ನು ಬ್ಯಾಂಕು ಪರಿಗಣಿಸಿದಂತೆ ಕಾಣಲಿಲ್ಲ. ಸಹಿ ಇದೆ, ಮೊತ್ತ ಸಹಿಗೆ ಹೊಂದುತ್ತದೆ, ಮುಗಿಯಿತು. ನಿಜ ಹೇಳಬೇಕೆಂದರೆ ಬ್ಯಾಂಕನ್ನು ಪೂರ್ತಿ ದೂರಲಾರೆ. ಬೆಲೆಯನ್ನು ಹೇಗೆ ತೋರಿಸಬೇಕೆಂಬ ನಿಯಮವನ್ನು ತೂಗಿ ನೋಡುವುದು ಅವರ ಕೆಲಸವಲ್ಲ. ಕಿರುಸಹಿಯ ಪಕ್ಕದಲ್ಲಿ ಆ ರಾತ್ರಿಯೇ "ಕಾದಿರಿಸುವಾಗ ತೋರಿಸಿರಲಿಲ್ಲ" ಎಂದು ಒಂದು ಸಾಲು ಬರೆದಿದ್ದರೆ ಅದೇ ಚೀಟಿ ನನ್ನ ಸಾಕ್ಷಿಯಾಗುತ್ತಿತ್ತು.

ಉಳಿದಿದ್ದು ಹೋಟೆಲ್ ಸಂಸ್ಥೆಯ ಪ್ರಧಾನ ಕಚೇರಿ. ಅವರಿಗೆ ಬರೆದ ಪತ್ರದಲ್ಲಿ ನನ್ನ ಸಹಿಯ ಬಗ್ಗೆ ವಾದಿಸಲೇ ಇಲ್ಲ, ಸಹಿ ನನ್ನದೇ ಎಂದು ಒಪ್ಪಿಕೊಂಡೆ. ಕಾದಿರಿಸಿದ ದಿನ ಅವರ ಪುಟ ತೋರಿಸಿದ 580.50ರ ಚಿತ್ರವನ್ನೂ ಕೊನೆಯ ಫೋಲಿಯೊವನ್ನೂ ಅಕ್ಕಪಕ್ಕದಲ್ಲಿಟ್ಟು, ಮೇ ತಿಂಗಳಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ನಾಲ್ಕು ರಾತ್ರಿಯ ಒಟ್ಟು ಬೆಲೆಯಲ್ಲಿ ಈ 152 ಇರಬೇಕಿತ್ತಲ್ಲವೇ ಎಂದು ಒಂದೇ ಪ್ರಶ್ನೆ ಕೇಳಿದೆ. ಫೆಡರಲ್ ಟ್ರೇಡ್ ಕಮಿಷನ್ನಿಗೆ ದೂರು ಸಲ್ಲಿಸಿದ್ದೇನೆಂದು ತಿಳಿಸಿ ಅದರ ಸಂಖ್ಯೆಯನ್ನೂ ಬರೆದೆ. ಆಯೋಗವು ಒಬ್ಬೊಬ್ಬರ ವ್ಯಾಜ್ಯವನ್ನು ಬಿಡಿಯಾಗಿ ಬಗೆಹರಿಸುವುದಿಲ್ಲವೆಂಬುದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿದ್ದಿರಬೇಕು. ಆದರೂ ಮೂರು ವಾರಗಳ ನಂತರ, ತಪ್ಪನ್ನು ಒಪ್ಪಿಕೊಳ್ಳದೆ, "ಗ್ರಾಹಕರ ಮೇಲಿನ ಸದ್ಭಾವನೆಯಿಂದ" ರೆಸಾರ್ಟ್ ಶುಲ್ಕವನ್ನು ಹಿಂದಿರುಗಿಸುತ್ತಿರುವುದಾಗಿ ಉತ್ತರ ಬಂತು. ಕಾರ್ಡಿಗೆ 152 ಡಾಲರ್ ಜಮೆಯಾಯಿತು.

ಅಷ್ಟರಲ್ಲಿ ಅಪ್ಪ ಅಮ್ಮ ಹಾಸನಕ್ಕೆ ಮರಳಿದ್ದರು. ಭಾನುವಾರದ ವಾಟ್ಸಾಪ್ ಕರೆಯಲ್ಲಿ ಗೆಲುವಿನ ಸುದ್ದಿ ಹೇಳಿದೆ. ಅಪ್ಪ ಒಂದು ಗಳಿಗೆ ಸುಮ್ಮನಿದ್ದು, "ಅದರ ಮೇಲಿನ ತೆರಿಗೆ?" ಎಂದರು. ಶುಲ್ಕವೇ ಇಲ್ಲವೆಂದ ಮೇಲೆ ಅದರ ಮೇಲಿನ 19 ಡಾಲರ್ ತೆರಿಗೆಯೂ ಬರಬೇಕಿತ್ತು, ನಾನು ಗಮನಿಸಿರಲಿಲ್ಲ. ಅಂದೇ ಸಂಜೆ ನಾಲ್ಕು ಸಾಲಿನ ಮೂರನೆಯ ಪತ್ರ ಬರೆದೆ, ಹಿಂದಿನ ಎರಡೂ ಪತ್ರಗಳ ದಿನಾಂಕಗಳನ್ನು ಮೇಲ್ಭಾಗದಲ್ಲಿ ಉಲ್ಲೇಖವೆಂದು ನಮೂದಿಸಿ, ಅಪ್ಪ ಹೇಳಿಕೊಟ್ಟಂತೆ. ಹನ್ನೊಂದು ದಿನಕ್ಕೆ 19 ಡಾಲರ್ ಬಂತು.