ಎರಡೂ ಹಳದಿ ಮಾತ್ರೆ

ಆದಿತ್ಯವಾರ ಬೆಳಿಗ್ಗೆ ಬದಿಯಡ್ಕದಿಂದ ಅಮ್ಮನ ಫೋನು. "ಬಾಯಿಯೆಲ್ಲ ಹುಣ್ಣಾಗಿದೆ ಮಾರಾಯ, ಗಂಜಿ ಸಹ ಇಳಿಯುವುದಿಲ್ಲ."

ಅಮ್ಮನಿಗೆ ಕೈಬೆರಳ ಗಂಟುಗಳ ಸಂಧಿವಾತ. ವಾರದ ಹಿಂದೆಯಷ್ಟೇ ಡಾಕ್ಟರು ಮೆಥೋಟ್ರೆಕ್ಸೇಟ್ ಶುರು ಮಾಡಿದ್ದರು. 10 ಮಿಲಿಗ್ರಾಮಿನ ಒಂದು ಮಾತ್ರೆ, ಆದಿತ್ಯವಾರ ಮಾತ್ರ. ಉಳಿದ ಆರು ದಿನ 5 ಮಿಲಿಗ್ರಾಮಿನ ಫೋಲಿಕ್ ಆಸಿಡ್. ಕೆಲವು ಡಾಕ್ಟರು ಫೋಲಿಕ್ ಆಸಿಡನ್ನೂ ವಾರಕ್ಕೊಂದೇ ಕೊಡುತ್ತಾರೆ, ಆದರೆ ಬೇರೆ ದಿನ.

ಊರಿಗೆ ಓಡಿ ಅಮ್ಮನ ಡಬ್ಬಿ ತೆರೆದೆ. ಎರಡೂ ಪುಟ್ಟ ಹಳದಿ ಮಾತ್ರೆಗಳು. ಬೇಕಾದಷ್ಟೇ ಕತ್ತರಿಸಿ ಕೊಟ್ಟ ತುಂಡುಗಳು, ಹೆಸರು ಇದ್ದ ಭಾಗ ಅಂಗಡಿಯಲ್ಲೇ ಉಳಿದಿತ್ತು. ಗುರುತಿಗೆ ಇದ್ದದ್ದು ಕಾಗದದ ಕವರು ಮಾತ್ರ. ಒಮ್ಮೆ ಹೊರಗೆ ತೆಗೆದ ಅಮ್ಮ ಅದಲು ಬದಲು ಮಾಡಿ ತುಂಬಿದ್ದಳು. ಸೋಮವಾರದಿಂದ ಶನಿವಾರದವರೆಗೆ ಆರು ದಿನ ಮೆಥೋಟ್ರೆಕ್ಸೇಟ್. 10 ಹೋಗಬೇಕಾದಲ್ಲಿ 60 ಮಿಲಿಗ್ರಾಮ್. ಆ ದಿನ ಬೆಳಿಗ್ಗೆ ತಿಂದದ್ದು ಫೋಲಿಕ್ ಆಸಿಡ್.

ನಾನೊಂದು ಪೆದ್ದತನ ಮಾಡಿದೆ. ಫೋಲಿಕ್ ಆಸಿಡ್ ಇದಕ್ಕೆ ಜೊತೆ ಮಾತ್ರೆ ಅಲ್ವಾ, ಇನ್ನೆರಡು ಕೊಟ್ಟರೆ ಸರಿಹೋದೀತು ಅಂದುಕೊಂಡು ಕೊಟ್ಟೆ. ಆಮೇಲೆ ತಲಪಾಡಿ ದಾಟಿ ಮಂಗಳೂರಿನ ಆಸ್ಪತ್ರೆಗೆ.

ರಕ್ತ ನೋಡಿದಾಗ ಬಿಳಿ ಕಣ 1,900, ಪ್ಲೇಟ್ಲೆಟ್ 82,000. ಎರಡೂ ಕಡಿಮೆ. ಕಿಡ್ನಿ ಪರೀಕ್ಷೆಯನ್ನೂ ಮಾಡಿದರು, ಯಾಕೆಂದರೆ ಈ ಔಷಧಿ ಹೊರಹೋಗುವುದು ಹೆಚ್ಚಾಗಿ ಅದರ ಮೂಲಕವೇ. ಅದು ಚೆನ್ನಾಗಿತ್ತು, ಪುಣ್ಯ.

ನಾನು ಕೊಟ್ಟ ಮಾತ್ರೆಯ ವಿಷಯ ಹೇಳಿದೆ. ಡಾಕ್ಟರು ಬೈಯಲಿಲ್ಲ, ವಿವರಿಸಿದರು. ಹೊಸ ಜೀವಕೋಶ ಹುಟ್ಟಲು ಫೋಲಿಕ್ ಆಸಿಡ್ ಬೇಕು, ಆದರೆ ದೇಹ ಅದನ್ನು ಮೊದಲು ಬೇರೆ ರೂಪಕ್ಕೆ ತಿರುಗಿಸಬೇಕು. ಮೆಥೋಟ್ರೆಕ್ಸೇಟ್ ಮುಚ್ಚುವುದು ಆ ಬಾಗಿಲನ್ನೇ. ಬಾಗಿಲು ಮುಚ್ಚಿದ ಮೇಲೆ ಹೊರಗೆ ಎಷ್ಟು ರಾಶಿ ಹಾಕಿದರೇನು? ಅದಕ್ಕೆ ಫೋಲಿನಿಕ್ ಆಸಿಡ್ ಬೇಕು. ಅದು ಆಗಲೇ ತಿರುಗಿದ ರೂಪ, ಆ ಬಾಗಿಲಿನ ಹಂಗಿಲ್ಲ. ಹೆಸರಿನಲ್ಲಿ ಒಂದಕ್ಷರದ ವ್ಯತ್ಯಾಸ ಅಷ್ಟೇ! ಇಂಜೆಕ್ಷನ್ ಕೂಡಲೇ ಶುರುವಾಯಿತು.

ವೇಗವಾಗಿ ಹುಟ್ಟಿ ಸಾಯುವ ಕಣಗಳಿಗೆ ಮೊದಲ ಪೆಟ್ಟು. ಹಾಗಾಗಿ ಬಾಯಿ ಹುಣ್ಣು, ಭೇದಿ, ಆಮೇಲೆ ಜ್ವರ, ಮೈಮೇಲೆ ನೀಲಿ ಕಲೆ. ತಪ್ಪಿ ದಿನಾ ತಿಂದದ್ದು ಗೊತ್ತಾದರೆ ಹುಣ್ಣು ಬರಲಿ ಎಂದು ಕಾಯಬಾರದು, ಆ ದಿನವೇ ಆಸ್ಪತ್ರೆಗೆ ಹೋಗಬೇಕು ಎಂದರು.

ಅಮ್ಮ ಹತ್ತು ದಿನ ಅಲ್ಲಿದ್ದಳು. ಎಣಿಕೆ ಸರಿಯಾಗಿ ಕೆಲವು ವಾರಗಳ ಬಳಿಕ ಡಾಕ್ಟರು ಅದೇ ಔಷಧಿ ಮತ್ತೆ ಬರೆದರು. ನಾನು ಹೌಹಾರಿದೆ. "ಔಷಧಿಯ ತಪ್ಪಲ್ಲವಲ್ಲ, ವಾರಕ್ಕೊಮ್ಮೆ ತಿಂದರೆ ಗಂಟಿಗೆ ಇದೇ ಒಳ್ಳೆಯದು," ಎಂದರು.

ಈಗ ಚೀಟಿಯಲ್ಲಿ ಕನ್ನಡದಲ್ಲೇ 'ಆದಿತ್ಯವಾರ ಮಾತ್ರ' ಎಂದಿದೆ. ಕತ್ತರಿಸಿದ ತುಂಡು ತೆಗೆದುಕೊಳ್ಳುವುದಿಲ್ಲ, ಪೂರ್ತಿ ಪಟ್ಟಿ. ಆದರೆ ಅದು ಇರುವುದು ಪಕ್ಕದ ಮನೆಯ ಚಿಕ್ಕಮ್ಮನ ಕಪಾಟಿನಲ್ಲಿ. ಆದಿತ್ಯವಾರ ರಾತ್ರಿ ಊಟದ ಮೇಲೆ ಅವರೇ ಒಂದು ತಂದು ಕೊಟ್ಟು ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಾರೆ. "ಮಗುವಿಗೆ ಚಾಕಲೇಟು ಕೊಟ್ಟ ಹಾಗೆ," ಎಂದು ಅಮ್ಮನ ಗೊಣಗಾಟ.