ತಿಳಿ ಎಣ್ಣೆಯೇ ಕೆಟ್ಟಿತ್ತು

ನಮ್ಮ ತಿಂಡಿ ಅಂಗಡಿಯ ಅಡುಗೆಮನೆಯಲ್ಲಿ ಸಂಜೆಗೆ ಎರಡು ಬಾಣಲೆ ಇಡುತ್ತೇವೆ. ಒಂದರಲ್ಲಿ ಮೆಣಸಿನಕಾಯಿ ಬಜ್ಜಿ, ಈರುಳ್ಳಿ ಬಜ್ಜಿ. ಇನ್ನೊಂದರಲ್ಲಿ ಹಪ್ಪಳ ಮತ್ತು ಮಿಕ್ಸ್ಚರಿಗೆ ಕಡಲೆಕಾಯಿ ಬೀಜ. ಎರಡಕ್ಕೂ 15 ಲೀಟರ್ ಪಾಮೋಲಿನ್.

ಆ ಶನಿವಾರ ಐದು ಗಂಟೆಗೆ ಕೌಂಟರ್ ಮುಂದೆ ಜನ ತುಂಬಿದ್ದರು. ಮ್ಯಾನೇಜರ್ ಒಳಗೆ ಬಂದು ಬಜ್ಜಿ ಬಾಣಲೆ ನೋಡಿದರು. ಎಣ್ಣೆ ಡಿಕಾಕ್ಷನ್ ಥರ ಕಪ್ಪಗಿತ್ತು. "ಇದನ್ನ ತೆಗೆದುಬಿಡಿ, ಹಪ್ಪಳದ್ದು ಚೆನ್ನಾಗಿದೆ, ಅದನ್ನೇ ಇದಕ್ಕೆ ಸುರಿದು ಬಜ್ಜಿ ಹಾಕಿ" ಅಂದರು. ಭಟ್ಟರೂ ತಲೆಯಾಡಿಸಿದರು. ನನಗೆ ಮಾತ್ರ ಹಪ್ಪಳದ ಬಾಣಲೆಯ ನೊರೆ ಸರಿ ಕಾಣಲಿಲ್ಲ. ಒಳ್ಳೆ ಎಣ್ಣೆಯಲ್ಲಿ ದೊಡ್ಡ ಗುಳ್ಳೆ ಏಳುತ್ತದೆ, ಹಪ್ಪಳ ತೆಗೆದ ಕೂಡಲೇ ಅಡಗುತ್ತದೆ. ಇಲ್ಲಿ ಸಣ್ಣ ಗುಳ್ಳೆಯ ನೊರೆ ಮೇಲೇರಿ ಹಾಗೇ ನಿಂತಿತ್ತು. ಬಾಣಲೆಯ ಅಂಚಿಗೆ ಕಂದು ಬಣ್ಣದ ಅಂಟು ಮೆತ್ತಿತ್ತು, ಉಗುರಿನಿಂದ ಕೆರೆದರೂ ಬರುತ್ತಿರಲಿಲ್ಲ.

ಟಿಪಿಸಿ ಮೀಟರ್ ಕಪಾಟಿನಲ್ಲೇ ಇತ್ತು. ಎಣ್ಣೆ ಕಾದು ಕಾದು ಒಡೆದಾಗ ಹುಟ್ಟುವ ಪೋಲಾರ್ ಕಾಂಪೌಂಡ್‌ಗಳು ಎಷ್ಟಿವೆ ಅಂತ ಅದು ತೋರಿಸುತ್ತದೆ. ಎಫ್‌ಎಸ್‌ಎಸ್‌ಎಐ ನಿಯಮದಂತೆ 2018ರ ಜುಲೈ 1ರಿಂದ 25 ಶೇಕಡ ದಾಟಿದ ಎಣ್ಣೆಯಲ್ಲಿ ಕರಿಯುವ ಹಾಗಿಲ್ಲ. ಗಲಾಟೆ ನಡುವೆಯೇ ಎರಡೂ ಒಲೆ ಸಣ್ಣಗೆ ಮಾಡಿಸಿದೆ. ಬಾಣಲೆಯಲ್ಲಿ ತಿಂಡಿ ಇದ್ದರೆ, ನೀರಿನ ಗುಳ್ಳೆ ಇದ್ದರೆ ಮೀಟರ್ ತಪ್ಪು ಹೇಳುತ್ತದೆ. ಗುಳ್ಳೆ ಪೂರ್ತಿ ಇಳಿಯುವವರೆಗೂ ಕಾಯಲೇಬೇಕು. ಹೊರಗೆ ಜನ ಕೂಗುತ್ತಿದ್ದರು, ಮ್ಯಾನೇಜರ್ ಗಡಿಯಾರ ನೋಡುತ್ತಿದ್ದರು. ಆ ಕೆಲವು ನಿಮಿಷ ಬಹಳ ಉದ್ದ ಅನಿಸಿತು. ಬಜ್ಜಿ ಎಣ್ಣೆ 19 ತೋರಿಸಿತು. ಹಪ್ಪಳದ್ದು 26.

"ಮೀಟರ್ ಕೆಟ್ಟಿದೆ, ಕಣ್ಣಿಗೇ ಕಾಣಲ್ವಾ?" ಅಂದರು ಮ್ಯಾನೇಜರ್. ಕಡ್ಡಿ ಒರೆಸಿ, ಎಣ್ಣೆ ಚೆನ್ನಾಗಿ ಕಲಕಿ, ಬಾಣಲೆಯ ತಳಕ್ಕೆ ತಾಗದಂತೆ ಮತ್ತೆ ಅದ್ದಿದೆ. ಅದೇ ಅಂಕಿ ಬಂತು. ಹೊಸ ಡಬ್ಬದ ಎಣ್ಣೆ ಕಾಯಿಸಿ ನೋಡಿದರೆ 8. ಮೀಟರ್ ಸರಿಯಾಗೇ ಇತ್ತು.

ಯಾಕೆ ಹೀಗೆ ಅಂತ ಭಟ್ಟರಿಗೆ ಆಮೇಲೆ ಬಿಡಿಸಿ ಹೇಳಿದೆ. ಬಜ್ಜಿ ಎಣ್ಣೆ ಕಪ್ಪಾಗಿದ್ದು ಉದುರಿದ ಕಡಲೆಹಿಟ್ಟು ಸುಟ್ಟು, ಮೆಣಸಿನಕಾಯಿ ಬಣ್ಣ ಬಿಟ್ಟು. ಆದರೆ ಬಜ್ಜಿ ಎಣ್ಣೆ ಕುಡಿಯುತ್ತದೆ, ಹಾಗಾಗಿ ದಿನಾ ಜಾಸ್ತಿ ಹೊಸ ಎಣ್ಣೆ ಬೀಳುತ್ತಿರುತ್ತದೆ. ಕಡಲೆಕಾಯಿ ಬೀಜ ಅಷ್ಟು ಎಳೆಯುವುದಿಲ್ಲ. ಅದೇ ಎಣ್ಣೆ ದಿನವೂ ಜೋರು ಉರಿಯಲ್ಲಿ, ಎಷ್ಟೋ ಹೊತ್ತು ಖಾಲಿಯಾಗಿಯೇ ಕಾಯುತ್ತದೆ. ಜೊತೆಗೆ ಹಪ್ಪಳದ ಹಿಟ್ಟಿಗೆ ಹಾಕುವ ಹಪ್ಪಳಖಾರ ಮೆಣಸಿನ ಖಾರವಲ್ಲ, ಕ್ಷಾರ. ಕೆಟ್ಟ ಎಣ್ಣೆಯ ಆಮ್ಲದ ಜೊತೆ ಸೇರಿ ಸೋಪಿನಂಥದ್ದು ಆಗುತ್ತದೆ, ಅದಕ್ಕೇ ಆ ನೊರೆ.

ಮ್ಯಾನೇಜರ್ ಇನ್ನೊಂದು ದಾರಿ ಹೇಳಿದರು. ಮೂರು ಲೀಟರ್ ತೆಗೆದು ಮೂರು ಲೀಟರ್ ಹೊಸದು ಹಾಕೋಣ ಅಂತ. ಲೆಕ್ಕ ಹಾಕಿದೆ. 12 ಲೀಟರ್ 26ರದ್ದು, 3 ಲೀಟರ್ 8ರದ್ದು, ಸೇರಿದರೆ 22ರ ಮೇಲೆ ಸ್ವಲ್ಪ. ಅಂಕಿಯೇನೋ ನಿಯಮದೊಳಗೆ ಬರುತ್ತದೆ. ಆದರೆ ಹಳೇ ಎಣ್ಣೆಯಲ್ಲಿ ಇರುವುದೇ ಹೊಸದನ್ನೂ ಬೇಗ ಕೆಡಿಸುತ್ತದೆ. ಒಂದೆರಡು ದಿನದಲ್ಲಿ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತೇವೆ, ಹೊಸ ಮೂರು ಲೀಟರೂ ಹಾಳು. ಪೂರ್ತಿ ತೆಗೆಸಿದೆ.

ಸೋಸಿದರೆ ಸಾಕಲ್ವಾ ಅಂತ ಭಟ್ಟರು ಕೇಳಿದರು. ಸೋಸುವುದು ಬೇಕೇ ಬೇಕು, ಆದರೆ ಅದರಿಂದ ಮೀಟರ್ ಅಂಕಿ ಇಳಿಯುವುದಿಲ್ಲ. ಹೋಗುವುದು ಸುಟ್ಟ ಚೂರು ಮಾತ್ರ. ಅದನ್ನು ಬಿಟ್ಟರೆ ತಳದಲ್ಲಿ ಕೂತು ಕರಕಲಾಗಿ, ಮುಂದಿನ ಒಬ್ಬೆಗೆ ಕಹಿ ಹಿಡಿಸುತ್ತದೆ. ಹಾಗಾಗಿ ಬಜ್ಜಿ ಬಾಣಲೆಯಲ್ಲಿ ಒಬ್ಬೆ ಒಬ್ಬೆಗೂ ಸ್ಟೀಲ್ ಜಾಲರಿಯಿಂದ ಚೂರು ಎತ್ತಬೇಕು. ಹಿತ್ತಾಳೆ ಜಾಲರಿ ಬೇಡ, ಅದರಲ್ಲಿರುವ ತಾಮ್ರ ಎಣ್ಣೆಯನ್ನು ಬೇಗ ಕೆಡಿಸುತ್ತದೆ. ರಾತ್ರಿ ಒಲೆ ಆರಿಸಿ, ಎಣ್ಣೆ ಕೈಗೆ ಅಪಾಯವಿಲ್ಲದಷ್ಟು ಆರಿ, ಇನ್ನೂ ಬೆಚ್ಚಗೆ ತೆಳ್ಳಗಿರುವಾಗ ಹತ್ತಿ ಬಟ್ಟೆಯಲ್ಲಿ ಸೋಸಬೇಕು. ತಳದ ಗಸಿ ಸುರಿಯಬಾರದು. ಬಾಣಲೆ ತೊಳೆದ ಮೇಲೆ ಸೋಪು, ನೀರು ಒಂದು ಹನಿಯೂ ಉಳಿಯಬಾರದು. ನಮ್ಮ ಹುಡುಗರು ಇಲ್ಲೇ ಅವಸರ ಮಾಡುವುದು.

ತೆಗೆದ ಎಣ್ಣೆಗೆ ಒಬ್ಬರು ಸ್ಕೂಟರಿನಲ್ಲಿ ಬಂದು ಒಳ್ಳೆ ರೇಟು ಕೊಡುತ್ತಿದ್ದರು. ಅದು ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರೆ ಉತ್ತರ ಇರಲಿಲ್ಲ. ಯಾವುದೋ ಗಾಡಿಯ ಬಾಣಲೆಗೆ, ಯಾರದೋ ಮಗುವಿನ ಹೊಟ್ಟೆಗೆ ಹೋಗಬಾರದು ಅಂತ ಪಟ್ಟು ಹಿಡಿದೆ. ಈಗ ಬಯೋಡೀಸೆಲ್‌ಗೆ ಕೊಂಡೊಯ್ಯುವವರಿಗೇ ಕೊಡುತ್ತೇವೆ, ರಸೀದಿ ತೆಗೆದುಕೊಳ್ಳುತ್ತೇವೆ. ದುಡ್ಡು ಕಡಿಮೆ, ಮ್ಯಾನೇಜರಿಗೆ ಇನ್ನೂ ಬೇಜಾರಿದೆ.

ಈಗ ಸಂಜೆ ಗಲಾಟೆ ಶುರುವಾಗುವ ಮೊದಲೇ, ಮಧ್ಯಾಹ್ನ ಮೂರಕ್ಕೆ ಅಳೆಯುತ್ತೇವೆ. 22 ಬಂದರೆ ಹೊಸ ಡಬ್ಬ ಪಕ್ಕದಲ್ಲಿರಬೇಕು, 24 ಬಂದರೆ ಬಾಣಲೆ ಖಾಲಿ. ಅಂಕಿ ಬರೆಯುವುದು ಭಟ್ಟರೇ.