ಒಂದೇ ಬಾಮ್, ಎರಡು ಬಣ್ಣ

ಗೆಳತಿ ಇವತ್ತು ಹೊಸ ಟಿಂಟೆಡ್ ಲಿಪ್ ಬಾಮ್ ಹಚ್ಚಿಕೊಂಡು ಬಂದಿದ್ದಳು. "ನೋಡೇ, ಮೇಲ್ದುಟಿ ಕಂದು, ಕೆಳದುಟಿ ಗುಲಾಬಿ. ಯಾಕೆ ಹೀಗೆ?"

ಬಾಮ್ ತೆಳು. ಕೆಳಗಿರುವ ಬಣ್ಣ ಇಣುಕುತ್ತದೆ, ಅಷ್ಟೇ. ಅವಳ ಮೇಲ್ದುಟಿಯ ಅಂಚು ಕಪ್ಪು, ಕೆಳದುಟಿಯ ನಡುಭಾಗ ತಿಳಿ.

ಒರೆಸಿ ಮತ್ತೆ ಶುರು ಮಾಡಿದೆವು. ಮೊದಲು ಪೆಟ್ರೋಲಿಯಂ ಜೆಲ್ಲಿ. ಸ್ವಲ್ಪ ಹೊತ್ತು ಬಿಟ್ಟು ಟಿಶ್ಯೂ ಒತ್ತಿ ತೆಗೆದೆವು, ಜಿಡ್ಡು ಉಳಿದರೆ ಮೇಲಿನದು ಜಾರುತ್ತದೆ. ಆಮೇಲೆ ಕಪ್ಪು ಮರೆಸುವ ಪೀಚ್ ಬಣ್ಣದ ಕರೆಕ್ಟರ್ ಕ್ರೀಮ್. ಒಂದೇ ಚುಕ್ಕೆ, ಕಪ್ಪು ಅಂಚಿಗೆ ಮಾತ್ರ, ಬೆರಳ ತುದಿಯಿಂದ ತಟ್ಟಿ ತಟ್ಟಿ. ಅದರ ಮೇಲೆ ಅದೇ ಬಾಮ್. ಈಗ ಎರಡೂ ತುಟಿ ಒಂದೇ ಬಣ್ಣ! ತುಂಬಾ ಗಾಢ ತುಟಿಗೆ ಪೀಚ್ ಹಚ್ಚಿದರೆ ಬೂದು ಬಳಿದಂತೆ ಕಾಣುತ್ತದೆ. ಅಲ್ಲಿ ಕಿತ್ತಳೆ ಬಣ್ಣದ್ದೇ ಬೇಕು.

"ಸಕ್ಕರೆ, ನಿಂಬೆರಸ ಹಾಕಿ ಉಜ್ಜಿದ್ರೆ ಬೆಳ್ಳಗಾಗುತ್ತಂತೆ ಅಲ್ವಾ?" ಅಂದಳು. ಬೇಡ ಮಾರಾಯ್ತಿ! ಉಜ್ಜಿ ಉರಿ ಎದ್ದರೆ ಅದೇ ಜಾಗ ಇನ್ನೂ ಕಪ್ಪಾಗುತ್ತದೆ. ಸುಮ್ನೆ ತುಟಿ ನೆಕ್ಕೋದು, ಸಿಪ್ಪೆ ಕೀಳೋದು ಬಿಟ್ಟರೆ ಸಾಕು. ಹಗಲಲ್ಲಿ ಎಸ್‌ಪಿಎಫ್ 30 ಇರುವ ಬಾಮ್, ಊಟ ಆದ ಮೇಲೆ ಇನ್ನೊಮ್ಮೆ. ಹಚ್ಚಿದಾಗ ಚುರುಚುರು ಅಂದರೆ ಅದನ್ನು ಬಿಡಿ, ಪರಿಮಳ, ಪುದೀನ ಇಲ್ಲದ್ದು ತಗೊಳ್ಳಿ.

ಬಿಸಿಲಿಂದಲೋ ಕಿರಿಕಿರಿಯಿಂದಲೋ ಬಂದ ಕಪ್ಪು ತಿಂಗಳುಗಟ್ಟಲೆ ಆರೈಕೆಯಲ್ಲಿ ತಿಳಿಯಾಗಬಹುದು. ಹುಟ್ಟಿನ ಬಣ್ಣ ಹಾಗೆಯೇ ಇರುತ್ತದೆ, ಇರಲಿ ಬಿಡಿ. ಆದರೆ ಹೊಸದಾಗಿ ಒಂದು ಚುಕ್ಕೆ ಎದ್ದು ದೊಡ್ಡದಾಗುತ್ತಿದ್ದರೆ ಕರೆಕ್ಟರ್ ಪಕ್ಕಕ್ಕಿಟ್ಟು ಚರ್ಮದ ಡಾಕ್ಟರಿಗೆ ತೋರಿಸಿ.